ರಾತ್ರಿ ನಿದ್ದೆಗೆಡಿಸೋ ಕಿವಿನೋವು: ಶುಗರ್ ಇರೋ ಹಿರಿಯರಲ್ಲಿ ಸೋಂಕು ಮೂಳೆಗಿಳಿದಾಗ

ಒಬ್ಬ ಹಿರಿಯರು ಅಂದ್ಕೊಳ್ಳಿ, 71 ವರ್ಷ, 18 ವರ್ಷದಿಂದ ಶುಗರ್ ಇದೆ, ಮಾತ್ರೆ ತಪ್ಪಿಸಲ್ಲ ಆದ್ರೂ ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಎಚ್‌ಬಿಎ1ಸಿ 9.8ಕ್ಕೆ ನಿಂತಿದೆ. ಬಲಗಿವಿ ಕಟ್ಟಿದಂಗಾಗಿತ್ತು, ಗುಗ್ಗೆ ತುಂಬಿದೆ ಅಂತ ನೀರಿನ ಪಿಚಕಾರಿ ಹೊಡೆಸಿ ತೆಗೆಸಿಕೊಂಡ್ರು. ಐದಾರು ದಿನಕ್ಕೆ ಕಿವಿಯೊಳಗೆ ಕಡಿತ, ಆಮೇಲೆ ನೋವು, ಆಮೇಲೆ ಸ್ವಲ್ಪ ಕೀವು. ಡಾಕ್ಟರ್ ನೋಡಿ ಡ್ರಾಪ್ಸ್ ಬರೆದುಕೊಟ್ರು, ಒಂದು ವಾರ ಹಾಕಿದ್ರು, ಸೋರೋದು ಕಮ್ಮಿ ಆಯ್ತು ಆದ್ರೆ ನೋವು ಹೋಗ್ಲಿಲ್ಲ. ಹಗಲು ಹೆಂಗೋ ತಡ್ಕೋಬಹುದು, ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕಿವಿ ಹಿಡ್ಕೊಂಡು ಬೆಳಗಾಗೋದನ್ನ ಕಾಯ್ತಾರೆ. ಇವರು ಯಾರೋ ಒಬ್ಬ ನಿಜವಾದ ವ್ಯಕ್ತಿ ಅಲ್ಲ, ಈ ಕಾಯಿಲೆ ಸಾಮಾನ್ಯವಾಗಿ ಹಿಡಿಯೋ ದಾರಿ ಹೆಂಗಿರುತ್ತೆ ಅಂತ ತೋರಿಸೋಕೆ ನಾನು ಜೋಡಿಸಿಕೊಂಡ ಕೇಸು. ಆದ್ರೆ ಇದರಲ್ಲಿರೋ ಒಂದೊಂದು ಹೆಜ್ಜೆಯೂ ಕಿವಿ ಡಾಕ್ಟರುಗಳು ಮತ್ತೆ ಮತ್ತೆ ಕೇಳೋ ಹೆಜ್ಜೆಯೇ.

ಇದಕ್ಕೆ ಪುಸ್ತಕದ ಹೆಸರು ಮ್ಯಾಲಿಗ್ನಂಟ್ ಓಟೈಟಿಸ್ ಎಕ್ಸ್‌ಟರ್ನಾ. ಮ್ಯಾಲಿಗ್ನಂಟ್ ಅಂದ ತಕ್ಷಣ ಮನೆಯವರು ಕ್ಯಾನ್ಸರ್ ಅಂತ ಕಂಗಾಲಾಗ್ತಾರೆ, ಆದ್ರೆ ಇದು ಕ್ಯಾನ್ಸರ್ ಅಲ್ಲ, ಸೋಂಕು. 1968ರಲ್ಲಿ ಚಾಂಡ್ಲರ್ ಅನ್ನೋ ವೈದ್ಯರು ಇಂಥ 13 ರೋಗಿಗಳ ವಿವರ ಬರೆದಾಗ ಈ ಹೆಸರು ಕೊಟ್ರು, ಯಾಕಂದ್ರೆ ಆಗ ಸರಿಯಾದ ಆಂಟಿಬಯಾಟಿಕ್ ಇರಲಿಲ್ಲ, ಹೆಚ್ಚುಕಮ್ಮಿ ಅರ್ಧದಷ್ಟು ಜನ ಉಳಿಯಲಿಲ್ಲ, ಕ್ಯಾನ್ಸರ್ ತರಾನೇ ಕೊರ್ಕೊಂಡು ಹೋಗಿ ಜೀವ ತೆಗೀತಿತ್ತು. ಈಗ ತುಂಬಾ ಜನ ಇದನ್ನ ನೆಕ್ರೊಟೈಸಿಂಗ್ ಓಟೈಟಿಸ್ ಎಕ್ಸ್‌ಟರ್ನಾ ಅಂತಾರೆ, ಮುಂದುವರಿದಾಗ ಸ್ಕಲ್ ಬೇಸ್ ಆಸ್ಟಿಯೋಮೈಲೈಟಿಸ್ ಅಂತಾನೂ ಹೇಳ್ತಾರೆ. ಈ ಕೊನೇ ಹೆಸರೇ ನನಗೆ ಹೆಚ್ಚು ಸರಿ ಅನ್ಸುತ್ತೆ, ಯಾಕಂದ್ರೆ ಹೊರಗಿವಿ ಸೋಂಕು ಅಂದ್ರೆ ಕೇಳಿದವರಿಗೆ ಚರ್ಮದ ತೊಂದರೆ ಅನ್ಸುತ್ತೆ, ನಿಜವಾಗಿ ಇದು ತಲೆಬುರುಡೆಯ ತಳದ ಮೂಳೆಗೆ ಹತ್ತೋ ಸೋಂಕು, ಕಿವಿ ಬರೀ ಬಾಗಿಲು.

ಆ ಬಾಗಿಲು ಎಲ್ಲಿದೆ ಅಂತ ಗೊತ್ತಾದ್ರೆ ಉಳಿದಿದ್ದೆಲ್ಲ ಅರ್ಥ ಆಗುತ್ತೆ. ಕಿವಿಯ ಹೊರಗಿನ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಹೊರಗಿನ ಮೂರನೇ ಒಂದು ಭಾಗ ಮೆತ್ತನೆ ಮೂಳೆ ಅಂದ್ರೆ ಮೃದ್ವಸ್ಥಿ, ಒಳಗಿನ ಮೂರನೇ ಎರಡು ಭಾಗ ಗಟ್ಟಿ ಮೂಳೆ. ಆ ಮೃದ್ವಸ್ಥಿಯ ಭಾಗದ ತಳದಲ್ಲಿ ಹುಟ್ಟಿನಿಂದಲೇ ಸಣ್ಣ ಸೀಳುಗಳು ಇರ್ತವೆ, ಅವಕ್ಕೆ ಸ್ಯಾಂಟೊರಿನಿ ಸೀಳುಗಳು ಅಂತ ಹೆಸರು, ಎಲ್ಲರಿಗೂ ಇರುತ್ತೆ, ಅದೇನು ದೋಷ ಅಲ್ಲ. ಮಾಮೂಲಿ ಕಿವಿ ಸೋಂಕು ಚರ್ಮದಲ್ಲೇ ಉಳಿಯುತ್ತೆ. ಈ ಕಾಯಿಲೆಯಲ್ಲಿ ಸೋಂಕು ಆ ಸೀಳುಗಳಲ್ಲಿ ನುಸುಳಿ ಕಿವಿಯ ಕೆಳಗಿನ ಮಾಂಸಕ್ಕೆ, ಅಲ್ಲಿಂದ ಬುರುಡೆಯ ತಳದ ಮೂಳೆಗೆ ಇಳಿಯುತ್ತೆ. ಅದು ಮೇಲಕ್ಕೆ, ಕಿವಿತಮಟೆ ಕಡೆಗೆ ಹೋಗಲ್ಲ, ಕೆಳಕ್ಕೆ ಹೋಗುತ್ತೆ. ಹಂಗಾಗಿ ತಮಟೆ ಎಷ್ಟೋ ಸಲ ಚೆನ್ನಾಗೇ ಇರುತ್ತೆ, ಶುರುವಿನಲ್ಲಿ ಕೇಳಿಸೋದೂ ಅಷ್ಟೇನೂ ಕೆಟ್ಟಿರಲ್ಲ, ನೋಡಿದವರಿಗೆ "ಅಂಥದ್ದೇನಿಲ್ಲ, ಸ್ವಲ್ಪ ಊತ ಇದೆ" ಅನ್ಸುತ್ತೆ. ಕಿವಿಯೊಳಗೆ ಕಾಣೋದಕ್ಕೂ ರೋಗಿ ಹೇಳೋ ನೋವಿಗೂ ಹೊಂದಾಣಿಕೆನೇ ಇರಲ್ಲ. ಈ ಹೊಂದದೇ ಇರೋದೇ ಮೊದಲ ಸುಳಿವು, ಆದ್ರೆ ಬಹಳ ಸಲ ಇದನ್ನ ವಯಸ್ಸಾದವರು ಜಾಸ್ತಿ ಹೇಳ್ತಾರೆ ಅಂತ ತಳ್ಳಿಹಾಕಿಬಿಡ್ತಾರೆ, ನನಗೆ ತುಂಬಾ ಬೇಜಾರಾಗೋದು ಇಲ್ಲೇ.

ಶುಗರ್ ಇರೋರಿಗೇ ಯಾಕೆ ಅಂದ್ರೆ, ವರ್ಷಗಟ್ಟಲೆ ಶುಗರ್ ಇದ್ದಾಗ ಸಣ್ಣ ರಕ್ತನಾಳಗಳ ಗೋಡೆ ದಪ್ಪ ಆಗುತ್ತೆ, ಕಾಲಿನ ಗಾಯ ಮಾಯದೇ ಇರೋಕೆ ಏನು ಕಾರಣವೋ ಕಿವಿನಾಳದ ತೆಳ್ಳನೆ ಚರ್ಮಕ್ಕೂ ಅದೇ ಆಗುತ್ತೆ. ಕಾಲಿನ ಗಾಯ ಕಣ್ಣಿಗೆ ಕಾಣುತ್ತೆ, ಇದು ಕಾಣಲ್ಲ, ಅಷ್ಟೇ. ಜೊತೆಗೆ ಸೋಂಕಿನ ಜಾಗಕ್ಕೆ ಓಡಿಬಂದು ಕ್ರಿಮಿ ನುಂಗಬೇಕಾದ ಬಿಳಿ ರಕ್ತಕಣಗಳು ಶುಗರ್ ಜಾಸ್ತಿ ಇದ್ದಾಗ ನಿಧಾನ ಆಗ್ತವೆ. ಇನ್ನೊಂದು, ನಮ್ಮ ಗುಗ್ಗೆ ಸ್ವಭಾವತಃ ಸ್ವಲ್ಪ ಹುಳಿ, ಆಮ್ಲದ ಗುಣ, ಅದೇ ಕ್ರಿಮಿಗಳಿಗೆ ತಡೆ, ಶುಗರ್ ಇರೋರಲ್ಲಿ ಆ ಹುಳಿ ಕಮ್ಮಿ ಇರುತ್ತೆ. ಅಂಥ ಕಿವಿಗೆ ಒತ್ತಡದಲ್ಲಿ ನೀರು ಹೊಡೆದಾಗ ಗುಗ್ಗೆಯ ಪದರ ಕೊಚ್ಚಿಹೋಗುತ್ತೆ, ಚರ್ಮ ಅಲ್ಲಲ್ಲಿ ತರಚುತ್ತೆ, ನಾಳ ಒದ್ದೆಯಾಗೇ ಉಳಿಯುತ್ತೆ. ಒದ್ದೆ ಜಾಗ ಕಂಡ್ರೆ ಬೆಳೆಯೋ ಬ್ಯಾಕ್ಟೀರಿಯಾ ಸ್ಯೂಡೊಮೋನಾಸ್ ಎರುಜಿನೋಸಾ, ಈ ಕಾಯಿಲೆಯಲ್ಲಿ ಬಹುಪಾಲು ಕೇಸಿಗೆ ಅದೇ ಕಾರಣ. ಅದು ಬಿಡೋ ಎಂಜೈಮ್‌ಗಳು ಸುತ್ತಲಿನ ಅಂಗಾಂಶ ಕರಗಿಸ್ತವೆ, ರಕ್ತನಾಳದ ಗೋಡೆಗೂ ನುಗ್ಗುತ್ತೆ, ಮೊದಲೇ ಕಮ್ಮಿ ಇದ್ದ ರಕ್ತ ಇನ್ನೂ ಕಮ್ಮಿ ಆಗುತ್ತೆ, ರಕ್ತ ಬರದ ಕಡೆ ಔಷಧಿಯೂ ಬರಲ್ಲ.

ಹಾಗಂತ ನೀರು ಹೊಡೆಸಿದವರಿಗೆಲ್ಲ ಇದು ಬರುತ್ತೆ ಅಂತ ಅಲ್ಲ, ಬರೋದು ಅಪರೂಪವೇ. ಆದ್ರೆ ಈ ಕಾಯಿಲೆ ಬಂದವರನ್ನ ಕೂರಿಸಿ ಕೇಳಿದ್ರೆ ಹಿಂದಿನ ಕೆಲವು ವಾರದಲ್ಲಿ ಕಿವಿಗೆ ನೀರು ಹೊಡೆಸಿದ್ದೆ ಅಂತಲೋ ಕಡ್ಡಿ ಹಾಕಿ ಕೆರ್ಕೊಂಡಿದ್ದೆ ಅಂತಲೋ ಎಷ್ಟೋ ಸಲ ಬರುತ್ತೆ. ಶುಗರ್ ಇರೋ ವಯಸ್ಸಾದವರ ಗುಗ್ಗೆಯನ್ನ ಮೈಕ್ರೋಸ್ಕೋಪ್ ಕೆಳಗೆ ನೋಡ್ಕೊಂಡು ಸಕ್ಷನ್ ಹಾಕಿಯೋ ಸಣ್ಣ ಕೊಕ್ಕೆಯಲ್ಲೋ ಒಣಗಿದ ಹಾಗೇ ತೆಗೆಯೋದು ಮೇಲು ಅನ್ನೋದು ಇದಕ್ಕೇ.

ಮತ್ತೆ ನಮ್ಮ ಹಿರಿಯರ ಹತ್ರ ಬರೋಣ. ಎರಡನೇ ವಾರ ಡ್ರಾಪ್ಸ್ ಬದಲಾಯ್ತು, ಜೊತೆಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮಾತ್ರೆ ಐದು ದಿನ. ಇದು ಗಂಟಲಿಗೆ, ನಡುಗಿವಿ ಸೋಂಕಿಗೆ ಒಳ್ಳೇ ಮಾತ್ರೆ, ಆದ್ರೆ ಸ್ಯೂಡೊಮೋನಾಸ್‌ಗೆ ಹುಟ್ಟಿನಿಂದಲೇ ಇದು ನಾಟಲ್ಲ, ಐದು ದಿನ ಅಲ್ಲ ಐವತ್ತು ದಿನ ಕೊಟ್ರೂ ಅಷ್ಟೇ. ಮೂರನೇ ವಾರ ಬಾಯಿ ಅಗಲಿಸಿದ್ರೆ, ಅಗಿದ್ರೆ ನೋವು ಕಿವಿ ಮುಂದಿಂದ ಕಪಾಲದವರೆಗೆ ಹರಿಯೋಕೆ ಶುರು ಆಯ್ತು. ಕಿವಿನಾಳದ ಮುಂದಿನ ಗೋಡೆಗೆ ಅಂಟ್ಕೊಂಡೇ ದವಡೆ ಕೀಲು ಇರೋದ್ರಿಂದ ಹಂಗಾಗುತ್ತೆ. ಹಲ್ಲಿನದ್ದೇ ಇರ್ಬೇಕು ಅಂತ ದಂತವೈದ್ಯರ ಹತ್ರ ಹೋದ್ರು, ಎಕ್ಸ್‌ರೇ ತೆಗೆದ್ರು, ಹಲ್ಲು ಸರಿಯಾಗಿತ್ತು. ಡೈಕ್ಲೋಫಿನಾಕ್ ಮಾತ್ರೆ ದಿನಾ ಎರಡು ಅಂತ ನಡೀತು, ಈ ವಯಸ್ಸಿಗೆ ಈ ಶುಗರ್‌ಗೆ ಅದು ಕಿಡ್ನಿಗೆ ಒಳ್ಳೇದಲ್ಲ, ಆ ವಿಷ್ಯ ಮುಂದೆ ಬರುತ್ತೆ. ನಾಲ್ಕನೇ ವಾರಕ್ಕೆ ಮಾತ್ರೆ ನುಂಗಿದ್ರೂ ರಾತ್ರಿ ಮೂರು ತಾಸಿಗಿಂತ ಹೆಚ್ಚು ನಿದ್ದೆ ಇಲ್ಲ.

ಇಲ್ಲಿ ಒಂದು ಮಾತು ನಿಲ್ಲಿಸಿ ಹೇಳ್ಬೇಕು. ಮಾಮೂಲಿ ಹೊರಗಿವಿ ಸೋಂಕೂ ನೋಯುತ್ತೆ, ಜೋರಾಗೇ ನೋಯುತ್ತೆ, ಕಿವಿ ಹಾಲೆ ಎಳೆದ್ರೆ ಕೂಗೋ ಹಂಗೆ ನೋಯುತ್ತೆ. ಆದ್ರೆ ಸರಿಯಾದ ಡ್ರಾಪ್ಸ್ ಬಿದ್ದ ಮೇಲೆ ಎರಡು ಮೂರು ದಿನಕ್ಕೆ ಇಳಿಯೋಕೆ ಶುರು ಆಗಿ ವಾರ ಹತ್ತು ದಿನದಲ್ಲಿ ಹೋಗುತ್ತೆ. ಮೂಳೆಗೆ ಹತ್ತಿದ್ದು ಹಂಗಲ್ಲ. ಅದು ಚುಚ್ಚೋ ನೋವಲ್ಲ, ಆಳದಲ್ಲಿ ಕೊರೆಯೋ ನೋವು, ಬೆರಳಿಟ್ಟು ಇಲ್ಲೇ ಅಂತ ತೋರ್ಸೋಕಾಗಲ್ಲ, ಕಿವಿಯ ಹಿಂದೆ ಕೆಳಗೆ ಕಪಾಲಕ್ಕೆ ಹರಡಿರುತ್ತೆ, ರಾತ್ರಿ ಮಲಗಿದ ಮೇಲೆ ಏರುತ್ತೆ, ನಿದ್ದೆಯಿಂದ ಎಬ್ಬಿಸುತ್ತೆ. ಶುಗರ್ ಇರೋ ಹಿರಿಯರಲ್ಲಿ ಒಂದು ವಾರ ಸರಿಯಾಗಿ ಡ್ರಾಪ್ಸ್ ಹಾಕಿದ ಮೇಲೂ ರಾತ್ರಿ ನೋವು ಎಬ್ಬಿಸ್ತಿದ್ರೆ ಅದನ್ನ ಇನ್ನೊಂದು ಡ್ರಾಪ್ಸ್‌ಗೆ ಬಿಡಬಾರದು, ಕಿವಿ ತಜ್ಞರು ನೋಡ್ಲೇಬೇಕು.

ಜ್ವರ ಬಂದಿಲ್ವಲ್ಲ, ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ ನಾರ್ಮಲ್ ಇದ್ಯಲ್ಲ ಅಂತ ಎಷ್ಟೋ ಜನ ಸಮಾಧಾನ ಮಾಡ್ಕೊಳ್ತಾರೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಎರಡೂ ಹಂಗೇ ಇರ್ತವೆ, ಜ್ವರ ಇರಲ್ಲ, ಬಿಳಿ ಕಣ ಏರಲ್ಲ. ಏರೋದು ಇಎಸ್‌ಆರ್. ತೀರಾ ಹಳೇ ಪರೀಕ್ಷೆ, ರಕ್ತವನ್ನ ಒಂದು ಸಣ್ಣ ನಳಿಕೆಯಲ್ಲಿ ನಿಲ್ಲಿಸಿ ಗಂಟೆಗೆ ಎಷ್ಟು ಮಿಲಿಮೀಟರ್ ಕೆಂಪು ಕಣ ಕೆಳಗಿಳೀತು ಅಂತ ನೋಡೋದು. 71 ವರ್ಷದ ಗಂಡಸಿಗೆ ವಯಸ್ಸಿನ ಅರ್ಧ, ಅಂದ್ರೆ ಸುಮಾರು 35ರವರೆಗೆ ಇದ್ರೆ ತಲೆ ಕೆಡಿಸ್ಕೊಳ್ಳಲ್ಲ. ಈ ಕಾಯಿಲೆಯಲ್ಲಿ ಅದು 50 ದಾಟಿರುತ್ತೆ, ಎಷ್ಟೋ ಸಲ 100ರ ಹತ್ರ. ರಕ್ತ ಕಮ್ಮಿ ಇದ್ರೆ, ಕಿಡ್ನಿ ತೊಂದ್ರೆ ಇದ್ರೆ ಇಎಸ್‌ಆರ್ ಬೇರೆ ಕಾರಣಕ್ಕೂ ಏರುತ್ತೆ, ಹಂಗಾಗಿ ಅದೊಂದರಿಂದಲೇ ಕಾಯಿಲೆ ಹೇಳೋಕಾಗಲ್ಲ. ಆದ್ರೆ ಬರೀ ಚರ್ಮದ ಸೋಂಕು ಇಎಸ್‌ಆರ್ ಅನ್ನ 100ಕ್ಕೆ ಒಯ್ಯಲ್ಲ, ಅದು ಗೊತ್ತಿದ್ರೆ ಸಾಕು.

ಐದನೇ ವಾರ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸೋವಾಗ ನೀರು ಬಲಗಡೆಯಿಂದ ಜಾರಿ ಹೋಯ್ತು. ಕನ್ನಡಿ ನೋಡಿದ್ರೆ ಮುಖ ಎಡಕ್ಕೆ ಸೊಟ್ಟ, ಬಲಗಣ್ಣು ಮುಚ್ತಿಲ್ಲ. ಮನೆಯವರು ಲಕ್ವ ಅಂತ ಎಮರ್ಜೆನ್ಸಿಗೆ ಓಡಿದ್ರು, ಓಡಿದ್ದು ಸರಿಯೇ. ಮೆದುಳಿನ ಸಿಟಿ ಸ್ಕ್ಯಾನ್ ಮಾಡಿದ್ರು, ಮೆದುಳಿನಲ್ಲಿ ಏನೂ ಇಲ್ಲ. ಹಣೆ ಎತ್ತಿ ಸುಕ್ಕು ಮಾಡಿ ಅಂದಾಗ ಬಲಹಣೆಯೂ ಎದ್ದಿರ್ಲಿಲ್ಲ. ಮೆದುಳಿನ ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ ಹಣೆ ಉಳಿಯುತ್ತೆ, ಕೆಳಮುಖ ಮಾತ್ರ ಬೀಳುತ್ತೆ, ಹಣೆಯೂ ಸೇರಿ ಬಿದ್ರೆ ತೊಂದ್ರೆ ನರದಲ್ಲೇ ಇದೆ ಅಂತ ಅರ್ಥ. ಹಂಗಾದ್ರೆ ಇದು ಬೆಲ್ಸ್ ಪಾಲ್ಸಿ ಅಂತ ಬರೆದು ಸ್ಟೀರಾಯ್ಡ್ ಮಾತ್ರೆ ಬರೆದ್ರು.

ಇಡೀ ಕಥೆಯಲ್ಲಿ ನನಗೆ ಅತಿ ಭಯ ಆಗೋ ಜಾಗ ಇದು. ಬೆಲ್ಸ್ ಪಾಲ್ಸಿ ಅನ್ನೋದು ಬೇರೆ ಯಾವ ಕಾರಣವೂ ಸಿಗದಾಗ ಕೊಡೋ ಹೆಸರು. ಕಿವಿ ಐದು ವಾರದಿಂದ ಸೋರ್ತಿರೋ ಶುಗರ್ ರೋಗಿಗೆ ಕಾರಣ ಕಿವಿಯೊಳಗೇ ಕೂತಿದೆ, ನೋಡಬೇಕಷ್ಟೇ. ಮುಖದ ನರ ಬುರುಡೆಯಿಂದ ಹೊರಬೀಳೋದು ಕಿವಿಯ ಕೆಳಗೇ, ಸ್ಟೈಲೋಮ್ಯಾಸ್ಟಾಯ್ಡ್ ರಂಧ್ರ ಅಂತಾರೆ, ಸ್ಯಾಂಟೊರಿನಿ ಸೀಳಿನಿಂದ ಇಳಿದ ಸೋಂಕು ಮೊದಲು ಸಿಕ್ಕೋ ನರ ಅದೇ. ಅಂಥವರಿಗೆ ಸ್ಟೀರಾಯ್ಡ್ ಕೊಟ್ರೆ ಶುಗರ್ ಏರುತ್ತೆ, ಇರೋ ಚೂರುಪಾರು ರೋಗನಿರೋಧಕ ಶಕ್ತಿಯೂ ಕುಗ್ಗುತ್ತೆ, ನೋವು ಎರಡು ದಿನ ಕಮ್ಮಿ ಆದಂಗೆ ಅನ್ಸಿ ಒಳಗೆ ಸೋಂಕು ಮುಂದಕ್ಕೆ ಹೋಗುತ್ತೆ. ಅಲ್ಲಿಂದ ಇನ್ನೂ ಒಳಕ್ಕೆ ಸರಿದ್ರೆ ಜುಗ್ಯುಲರ್ ರಂಧ್ರದ ನರಗಳಿಗೆ ತಗಲುತ್ತೆ, ಆಗ ಧ್ವನಿ ಒಡೆಯುತ್ತೆ, ನುಂಗೋವಾಗ ನೀರು ಶ್ವಾಸನಾಳಕ್ಕೆ ಹೋಗುತ್ತೆ, ಪಕ್ಕದಲ್ಲೇ ಇರೋ ನಾಲಿಗೆಯ ನರಕ್ಕೂ ಹತ್ತಿದ್ರೆ ನಾಲಿಗೆ ಒಂದು ಕಡೆ ತಿರುಗುತ್ತೆ. ಮೆದುಳಿನ ದೊಡ್ಡ ರಕ್ತನಾಳದಲ್ಲಿ ಹೆಪ್ಪುಗಟ್ಟೋದು, ಮೆದುಳುಪೊರೆಗೆ ಸೋಂಕು ಹತ್ತೋದು ಅದರಾಚೆಯ ಹಂತ. ನಮ್ಮ ಹಿರಿಯರ ವಿಷ್ಯದಲ್ಲಿ ಸ್ಟೀರಾಯ್ಡಿನ ಎರಡೇ ಮಾತ್ರೆ ಹೋಗಿತ್ತು, ಮಗಳು ಕಿವಿ ಸೋರ್ತಿದೆ ಅಂತ ಒತ್ತಿ ಹೇಳಿದ್ದಕ್ಕೆ ಮಾರನೇ ದಿನ ಇಎನ್‌ಟಿಗೆ ಕಳ್ಸಿದ್ರು.

ಇಎನ್‌ಟಿಯಲ್ಲಿ ಮೈಕ್ರೋಸ್ಕೋಪ್ ಇಟ್ಟು ಕೀವು ಸಕ್ಷನ್ ಮಾಡಿ ನೋಡಿದಾಗ ನಾಳದ ತಳದಲ್ಲಿ, ಸರಿಯಾಗಿ ಮೃದ್ವಸ್ಥಿ ಮತ್ತು ಮೂಳೆ ಸೇರೋ ಜಾಗದಲ್ಲಿ, ಕೆಂಪಗೆ ಹಸಿ ಮಾಂಸದ ಒಂದು ಗುಬ್ಬಿ. ಗ್ರ್ಯಾನುಲೇಷನ್ ಅಂತಾರೆ. ಟಾರ್ಚ್ ಬಿಟ್ಟು ಹೊರಗಿಂದ ನೋಡಿದ್ರೆ ಕೀವಿನಡಿ ಅದು ಕಾಣ್ತಿರ್ಲಿಲ್ಲ. ವಯಸ್ಸು, ಶುಗರ್, ರಾತ್ರಿ ನೋವು, ವಾರ ಕಳೆದ್ರೂ ಬಗ್ಗದ ಕೀವು, ಆ ಜಾಗದಲ್ಲಿ ಹಸಿ ಮಾಂಸ, ಇಷ್ಟು ಒಟ್ಟಿಗೆ ಸಿಕ್ಕಿದ ಮೇಲೆ ಸ್ಕ್ಯಾನ್ ರಿಪೋರ್ಟ್ ಬರೋವರೆಗೂ ಅನುಮಾನ ಪಕ್ಕಕ್ಕೆ ಇಡೋ ಹಂಗಿಲ್ಲ. ಇಎಸ್‌ಆರ್ ಕಳ್ಸಿದ್ರು, 104 ಬಂತು.

ಆಮೇಲೆ ಎರಡು ಕೆಲಸ, ಎರಡನ್ನೂ ಆಂಟಿಬಯಾಟಿಕ್ ಶುರು ಮಾಡೋಕೆ ಮುಂಚೆ ಮಾಡ್ಬೇಕು. ಒಂದು ಕಲ್ಚರ್, ಅಂದ್ರೆ ಯಾವ ಕ್ರಿಮಿ ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡೋದು. ಐದು ವಾರ ಡ್ರಾಪ್ಸ್ ಬಿದ್ದ ಕಿವಿಯ ಬಾಯಲ್ಲಿ ಹತ್ತಿ ಕಡ್ಡಿ ಆಡಿಸಿ ಕಳ್ಸಿದ್ರೆ ಏನೂ ಬೆಳೆಯಲ್ಲ, ಇಲ್ಲಾಂದ್ರೆ ಚರ್ಮದ ಮೇಲಿನ ಯಾವುದೋ ಕ್ರಿಮಿ ಬೆಳೆದು ದಾರಿ ತಪ್ಸುತ್ತೆ. ಆ ಹಸಿ ಮಾಂಸದ ಚೂರನ್ನೇ, ಆಳದ ಕೀವನ್ನೇ ಕಳ್ಸಬೇಕು, ಬ್ಯಾಕ್ಟೀರಿಯಾಕ್ಕೂ ಶಿಲೀಂಧ್ರಕ್ಕೂ ಎರಡಕ್ಕೂ. ಇನ್ನೊಂದು ಬಯಾಪ್ಸಿ, ಅದೇ ಮಾಂಸದ ಇನ್ನೊಂದು ಚೂರು. ಇದನ್ನ ಬಿಡಬಾರದು, ಯಾಕಂದ್ರೆ ಕಿವಿನಾಳದ ನಿಜವಾದ ಕ್ಯಾನ್ಸರ್ ಕೂಡ ಹಿಂಗೇ ಕಾಣುತ್ತೆ, ಹಿಂಗೇ ನೋಯುತ್ತೆ, ಹಿಂಗೇ ಸೋರುತ್ತೆ. ಹೆಸರಲ್ಲಿ ಮ್ಯಾಲಿಗ್ನಂಟ್ ಇದ್ದೂ ಕ್ಯಾನ್ಸರ್ ಅಲ್ಲದ ಇದನ್ನ, ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೊಂಡೇ ಮುಂದೆ ಹೋಗ್ಬೇಕು.

ಸ್ಕ್ಯಾನ್ ವಿಷ್ಯದಲ್ಲಿ ಜನರಿಗೆ ಒಂದು ತಪ್ಪು ನಂಬಿಕೆ ಇದೆ, ಸಿಟಿ ನಾರ್ಮಲ್ ಬಂದ್ರೆ ಮೂಳೆ ಸರಿ ಇದೆ ಅಂತ. ಮೂಳೆಯ ಖನಿಜಾಂಶ ಮೂರನೇ ಒಂದು ಭಾಗವಾದ್ರೂ ಕರಗೋವರೆಗೆ ಸಿಟಿಯಲ್ಲಿ ಸವೆತ ಕಾಣಲ್ಲ. ಅಂದ್ರೆ ಶುರುವಿನ ವಾರಗಳಲ್ಲಿ ಸಿಟಿ ನಾರ್ಮಲ್ ಬಂದ್ರೂ ಕಾಯಿಲೆ ಇರಬಹುದು. ಜೊತೆಗೆ ಎಮರ್ಜೆನ್ಸಿಯಲ್ಲಿ ಮಾಡಿದ್ದು ಮೆದುಳಿನ ಸಿಟಿ, ಕಿವಿಮೂಳೆಯನ್ನ ಸಣ್ಣ ಸಣ್ಣ ಪದರದಲ್ಲಿ ನೋಡೋ ಟೆಂಪೊರಲ್ ಬೋನ್ ಸಿಟಿ ಬೇರೆ. ಅದನ್ನ ಮಾಡಿದಾಗ ನಮ್ಮ ಹಿರಿಯರಲ್ಲಿ ನಾಳದ ತಳದ ಮೂಳೆ ಹುಳ ತಿಂದಂಗೆ ಕಂಡಿತ್ತು. ಎಂಆರ್‌ಐ ಮೂಳೆಯ ಹೊರಗಿನ ಮಾಂಸ, ಮೂಳೆಯ ಒಳಗಿನ ಮಜ್ಜೆ ಎಲ್ಲಿವರೆಗೆ ಕೆಟ್ಟಿದೆ ಅನ್ನೋದನ್ನ ಸಿಟಿಗಿಂತ ಚೆನ್ನಾಗಿ ತೋರ್ಸುತ್ತೆ. ಟೆಕ್ನೀಶಿಯಂ ಬೋನ್ ಸ್ಕ್ಯಾನ್ ಬಹಳ ಬೇಗ ಪಾಸಿಟಿವ್ ಆಗುತ್ತೆ, ಆದ್ರೆ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಪಾಸಿಟಿವ್ ಆಗೇ ಇರುತ್ತೆ, ಹಂಗಾಗಿ ಔಷಧಿ ಯಾವಾಗ ನಿಲ್ಲಿಸ್ಬೇಕು ಅಂತ ಅದನ್ನ ಕೇಳೋಕಾಗಲ್ಲ.

ಕಲ್ಚರ್‌ನಲ್ಲಿ ಬಂದಿದ್ದು ಸ್ಯೂಡೊಮೋನಾಸೇ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ. ಆದ್ರೆ ಆ ಕ್ರಿಮಿಗೆ ಯಾವ ಔಷಧಿ ನಾಟುತ್ತೆ ಅಂತ ತೋರಿಸೋ ಸೆನ್ಸಿಟಿವಿಟಿ ಪಟ್ಟಿಯಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎದುರಿಗೆ ರೆಸಿಸ್ಟೆಂಟ್ ಅಂತ ಇತ್ತು. ಇದು ಈಗಿನ ಕಾಲದ ದೊಡ್ಡ ತಲೆನೋವು, ಸ್ವಲ್ಪ ಬಿಡಿಸಿ ಹೇಳ್ತೀನಿ. 1980ರ ದಶಕದ ಕೊನೇಲಿ ಸಿಪ್ರೊಫ್ಲಾಕ್ಸಾಸಿನ್ ಬಂದಾಗ ಈ ಕಾಯಿಲೆಯ ಹಣೆಬರಹವೇ ಬದಲಾಯ್ತು. ಅಲ್ಲಿವರೆಗೆ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿ, ಕಿಡ್ನಿಗೂ ಒಳಗಿವಿಗೂ ಹಾನಿ ಮಾಡೋ ಇಂಜೆಕ್ಷನ್ ತಗೋಬೇಕಿತ್ತು. ಸಿಪ್ರೊ ಬಾಯಲ್ಲಿ ನುಂಗಿದ್ರೂ ಮೂಳೆಗೆ ಚೆನ್ನಾಗಿ ಹೋಗುತ್ತೆ, ಸ್ಯೂಡೊಮೋನಾಸ್‌ಗೆ ನಾಟುತ್ತೆ, 750 ಮಿಲಿಗ್ರಾಂ ದಿನಕ್ಕೆ ಎರಡು ಸಲ ಆರರಿಂದ ಎಂಟು ವಾರ ಅಂತ ಮನೆಯಲ್ಲೇ ಮುಗಿಸೋ ಹಂಗಾಯ್ತು. ಆಮೇಲೆ ಅದೇ ಗುಂಪಿನ ಔಷಧಿ ಮೂತ್ರದ ಸೋಂಕು, ಭೇದಿ, ಕೆಮ್ಮು ಅಂತ ಸಿಕ್ಕಿದ್ದಕ್ಕೆಲ್ಲ ಹೋಯ್ತು, ಅರ್ಧ ಕೋರ್ಸಿಗೆ ನಿಲ್ಲಿಸಿದ್ದೂ ಆಯ್ತು, ಈಗ ಇದಕ್ಕೆ ಬಗ್ಗದ ಸ್ಯೂಡೊಮೋನಾಸ್ ಬೇರೆ ಬೇರೆ ದೇಶಗಳ ರಿಪೋರ್ಟುಗಳಲ್ಲಿ ಹೆಚ್ಚಾಗಿ ಕಾಣ್ತಿದೆ. ಕಲ್ಚರ್ ಕಳ್ಸದೇ ಅಂದಾಜಲ್ಲಿ ಸಿಪ್ರೊ ಶುರು ಮಾಡಿದ್ರೆ ಮೂರು ವಾರ ಹೋದ ಮೇಲೆ ಗೊತ್ತಾಗೋದು ಅದು ಕೆಲಸ ಮಾಡ್ತಿರ್ಲಿಲ್ಲ ಅಂತ, ಅಷ್ಟೊತ್ತಿಗೆ ಕಲ್ಚರ್ ಕಳ್ಸೋ ಅವಕಾಶವೂ ಕೈಬಿಟ್ಟಿರುತ್ತೆ.

ಇವರಿಗೆ ಸೆಫ್ಟಾಜಿಡಿಮ್ ನಾಟ್ತಿತ್ತು. ಸಾಮಾನ್ಯ ಪ್ರಮಾಣ 2 ಗ್ರಾಂ ಎಂಟು ಗಂಟೆಗೊಮ್ಮೆ ರಕ್ತನಾಳಕ್ಕೆ, ಆದ್ರೆ ಇವರ ಕ್ರಿಯಾಟಿನಿನ್ ಏರಿತ್ತು, ಶುಗರ್‌ನಿಂದ ಸ್ವಲ್ಪ, ಆ ಡೈಕ್ಲೋಫಿನಾಕ್‌ನಿಂದ ಸ್ವಲ್ಪ. ಕಿಡ್ನಿ ನೋಡ್ಕೊಂಡು ಪ್ರಮಾಣ ಇಳಿಸಬೇಕಾಯ್ತು, ನೋವಿನ ಮಾತ್ರೆ ಬದಲಾಯ್ತು. ಮೊದಲ ಕೆಲವು ದಿನ ಆಸ್ಪತ್ರೆ, ಆಮೇಲೆ ತೋಳಿಗೆ ಪಿಕ್ ಲೈನ್ ಅನ್ನೋ ಉದ್ದನೆ ಸಣ್ಣ ಕೊಳವೆ ಹಾಕಿ ಮನೆಯಲ್ಲಿ ನರ್ಸ್ ಬಂದು ಕೊಡೋ ಏರ್ಪಾಡು. ಶುಗರ್ ಮಾತ್ರೆ ತಾತ್ಕಾಲಿಕವಾಗಿ ಬಿಡಿಸಿ ಇನ್ಸುಲಿನ್ ಹಾಕಿದ್ರು, ಶುಗರ್ ಇಳಿಯದೇ ಆಂಟಿಬಯಾಟಿಕ್ ಒಂದೇ ಹೋರಾಡೋಕಾಗಲ್ಲ. ಕಿವಿಯನ್ನ ವಾರಕ್ಕೆರಡು ಸಲ ಮೈಕ್ರೋಸ್ಕೋಪ್ ಕೆಳಗೆ ಕ್ಲೀನ್ ಮಾಡಿದ್ರು. ದೊಡ್ಡ ಆಪರೇಷನ್ ಮಾಡ್ಲಿಲ್ಲ, ಸೋಂಕು ಹತ್ತಿದ ಮೂಳೆ ಕೊರೆಯೋಕೆ ಹೋದ್ರೆ ಆರೋಗ್ಯವಾಗಿರೋ ಮೂಳೆಗೂ ದಾರಿ ತೆರೆದಂಗಾಗುತ್ತೆ, ಹಂಗಾಗಿ ಈಗ ಸತ್ತ ಮೂಳೆ ಚೂರು ತೆಗೆಯೋಕೆ, ಕೀವು ಕಟ್ಕೊಂಡಿದ್ರೆ ಬಿಡಿಸೋಕೆ, ಇಲ್ಲಾ ಆಳದಿಂದ ಬಯಾಪ್ಸಿ ತಗೊಳ್ಳೋಕೆ ಮಾತ್ರ ಕತ್ತರಿ ಹಾಕ್ತಾರೆ.

ಮುಚ್ಚದ ಕಣ್ಣಿನ ವಿಷ್ಯ ಬಹಳ ಮನೆಗಳಲ್ಲಿ ಮರೆತೇಹೋಗುತ್ತೆ. ಹಗಲಲ್ಲಿ ಗಂಟೆಗೊಮ್ಮೆ ಕೃತಕ ಕಣ್ಣೀರಿನ ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪ್ ಅಂಟಿಸ್ಬೇಕು, ಇಲ್ಲಾಂದ್ರೆ ಕಾರ್ನಿಯಾ ಒಣಗಿ ಹುಣ್ಣಾಗಿ, ಕಿವಿ ವಾಸಿಯಾದ್ರೂ ಆ ಕಣ್ಣಿನ ದೃಷ್ಟಿ ಹೋಗುತ್ತೆ.

ಸಿಪ್ರೊ ನಾಟೋ ಅದೃಷ್ಟ ಇರೋರಿಗೂ ಮಾತ್ರೆ ಕೊಟ್ಟು ಕಳ್ಸಿದ್ರೆ ಮುಗೀಲಿಲ್ಲ. ಹಿರಿಯರು ದಿನಾ ನುಂಗೋ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆಂಟಾಸಿಡ್ ಇವೆಲ್ಲ ಹೊಟ್ಟೆಯಲ್ಲೇ ಸಿಪ್ರೊನ ಕಟ್ಟಿಹಾಕ್ತವೆ, ಎರಡೂ ಒಟ್ಟಿಗೆ ನುಂಗಿದ್ರೆ ಮೂಳೆಗೆ ಹೋಗೋದು ಅತ್ತ ಇರ್ಲಿ, ರಕ್ತಕ್ಕೇ ಸರಿಯಾಗಿ ಸೇರಲ್ಲ. ಸಿಪ್ರೊ ನುಂಗಿ ಕನಿಷ್ಠ ಎರಡು ತಾಸು ಆದ್ಮೇಲೆ ಅವನ್ನ ತಗೋಬೇಕು, ಅವನ್ನ ಮೊದಲು ತಗೊಂಡಿದ್ರೆ ಸಿಪ್ರೊಗೆ ಆರು ತಾಸು ಕಾಯ್ಬೇಕು. ಇನ್ನೊಂದು ಇದಕ್ಕಿಂತ ಅಪಾಯ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರದ ಶುಗರ್ ಮಾತ್ರೆ ತಗೊಳ್ಳೋರಲ್ಲಿ ಸಿಪ್ರೊ ಸೇರಿದಾಗ ಶುಗರ್ ಇದ್ದಕ್ಕಿದ್ದಂಗೆ ಬಿದ್ದುಹೋಗಬಹುದು, ಮೊದಲ ವಾರ ಶುಗರ್ ಹೆಚ್ಚು ಸಲ ಚೆಕ್ ಮಾಡ್ಬೇಕು, ಬೆವರು ನಡುಕ ತೊದಲು ಕಂಡ್ರೆ ತಕ್ಷಣ ನೋಡ್ಬೇಕು. ಹಿಮ್ಮಡಿ ಹಿಂದೆ ನೋವು ಶುರು ಆದ್ರೂ ಡಾಕ್ಟರಿಗೆ ಹೇಳ್ಬೇಕು, ಈ ಗುಂಪಿನ ಔಷಧಿಯಿಂದ ವಯಸ್ಸಾದವರಲ್ಲಿ, ಅದರಲ್ಲೂ ಸ್ಟೀರಾಯ್ಡ್ ಜೊತೆಗಿದ್ರೆ, ಹಿಮ್ಮಡಿಯ ಸ್ನಾಯುರಜ್ಜು ಹರಿಯೋದುಂಟು.

ನಮ್ಮ ಹಿರಿಯರು ಒಂಬತ್ತನೇ ರಾತ್ರಿ ಪೂರ್ತಿ ನಿದ್ದೆ ಮಾಡಿದ್ರು. ಮೂರನೇ ವಾರಕ್ಕೆ ನೋವು ಬಹುತೇಕ ಇಲ್ಲ, ಕಿವಿ ಒಣಗಿದೆ, ತೋಳಿನ ಕೊಳವೆ ಕಿರಿಕಿರಿ, ಸಾಕು ತೆಗೀರಿ ಅಂತ ಹಟ. ಮನೆಯವರಿಗೂ ಹಂಗೇ ಅನ್ಸಿತ್ತು. ಈ ಜಾಗದಲ್ಲೇ ಎಷ್ಟೋ ಕೇಸು ಹಳ್ಳ ಹಿಡಿಯೋದು. ನೋವು ಬೇಗ ಹೋಗುತ್ತೆ, ಚರ್ಮ ಬೇಗ ಮಾಯುತ್ತೆ, ಮೂಳೆ ನಿಧಾನ, ಅದಕ್ಕೆ ರಕ್ತ ಬರೋದೇ ಕಮ್ಮಿ. ಆ ಹೊತ್ತಿಗೆ ಇಎಸ್‌ಆರ್ ತೆಗೆದಾಗ 70 ಇತ್ತು. 104ರಿಂದ ಇಳಿದಿದೆ, ಆದ್ರೆ 70 ಅಂದ್ರೆ ಒಳಗೆ ಇನ್ನೂ ಬೆಂಕಿ ಇದೆ ಅಂತಾನೇ. ಮಗಳು ಆ ಎರಡು ಅಂಕಿಯನ್ನ ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದಿಟ್ಟು "ಅಪ್ಪ, ನೋವು ಹೋಗಿದೆ, ಇದು ಹೋಗಿಲ್ಲ, ನೋಡಿ" ಅಂದ್ಮೇಲೆ ಒಪ್ಪಿದ್ರು. ಆರನೇ ವಾರಕ್ಕೆ 38, ಎಂಟನೇ ವಾರಕ್ಕೆ 22, ಎಂಆರ್‌ಐಯಲ್ಲಿ ಊತ ಕರಗಿತ್ತು, ಆಗ ನಿಲ್ಲಿಸಿದ್ರು.

ಇಳೀದೇ ಇದ್ರೆ ಏನು? ಸರಿಯಾದ ಔಷಧಿ ಸರಿಯಾದ ಪ್ರಮಾಣದಲ್ಲಿ ಎರಡು ಮೂರು ವಾರ ಹೋದ್ರೂ ನೋವೂ ಇಎಸ್‌ಆರೂ ಜಗ್ಗದಿದ್ರೆ ಮೊದಲು ಶಿಲೀಂಧ್ರದ ಅನುಮಾನ ಪಡ್ಬೇಕು, ಆಸ್ಪರ್ಜಿಲ್ಲಸ್ ಅಥವಾ ಕ್ಯಾಂಡಿಡಾ. ತಿಂಗಳುಗಟ್ಟಲೆ ಆಂಟಿಬಯಾಟಿಕ್ ಡ್ರಾಪ್ಸ್ ಬಿದ್ದ ಕಿವಿಯಲ್ಲಿ ಅವಕ್ಕೆ ಜಾಗ ಸಿಗುತ್ತೆ, ಬ್ಯಾಕ್ಟೀರಿಯಾದ ಔಷಧಿ ಅವಕ್ಕೆ ಏನೂ ಮಾಡಲ್ಲ, ವೊರಿಕೊನಜೋಲ್ ತರದ್ದು ಬೇಕಾಗುತ್ತೆ, ಅದೂ ಬ್ಯಾಕ್ಟೀರಿಯಾ ಕೋರ್ಸಿಗಿಂತ ಉದ್ದ. ಮತ್ತೆ ಆಳದಿಂದ ಬಯಾಪ್ಸಿ ತಗೊಳ್ಳೋಕೆ ಹಿಂಜರೀಬಾರದು, ಮೊದಲ ಚೂರಿನಲ್ಲಿ ಸಿಗದ ಶಿಲೀಂಧ್ರವೋ ಕ್ಯಾನ್ಸರೋ ಎರಡನೇದರಲ್ಲಿ ಸಿಕ್ಕಿದ್ದುಂಟು.

ಮುಖದ ನರ ಮಾತ್ರ ಪೂರ್ತಿ ವಾಪಸ್ ಬರ್ಲಿಲ್ಲ. ನಾಲ್ಕು ತಿಂಗಳಿಗೆ ಕಣ್ಣು ಮುಚ್ಚೋಕೆ ಆಯ್ತು, ನಕ್ಕಾಗ ಬಲತುಟಿ ಇನ್ನೂ ಹಿಂದೆ ಬೀಳುತ್ತೆ. ಈ ಕಾಯಿಲೆಯಲ್ಲಿ ಸೋಂಕು ಪೂರ್ತಿ ವಾಸಿಯಾದ್ರೂ ನರ ವಾಪಸ್ ಬರೋದು ಬರದೇ ಇರೋದು ಬೇರೆ ವಿಷ್ಯ, ಮೂರನೇ ವಾರ ದಂತವೈದ್ಯರ ಬದಲು ಕಿವಿ ಮೈಕ್ರೋಸ್ಕೋಪ್ ಕೆಳಗೆ ಹೋಗಿದ್ದಿದ್ರೆ ಆ ನರ ಉಳೀತಿತ್ತೇನೋ. ಔಷಧಿ ನಿಲ್ಲಿಸಿದ ಮೇಲೂ ಇಡೀ ವರ್ಷ ಕಿವಿ ತೋರಿಸೋಕೆ ಹೋಗ್ತಿರಬೇಕು, ಮೊದಲು ತಿಂಗಳಿಗೊಮ್ಮೆ ಆಮೇಲೆ ಸ್ವಲ್ಪ ದೂರ ದೂರ, ಪ್ರತಿ ಸಲ ಇಎಸ್‌ಆರ್ ಜೊತೆಗೆ, ಯಾಕಂದ್ರೆ ಮತ್ತೆ ಕಾಣಿಸ್ಕೊಳ್ಳೋದು ಈ ಕಾಯಿಲೆಯ ಸ್ವಭಾವ, ಅದೂ ತಿಂಗಳುಗಳ ನಂತರ, ಕೀವು ಇಲ್ಲದೇನೇ, ಬರೀ ತಲೆನೋವಾಗಿ, ಕೆಲವರಲ್ಲಿ ಇನ್ನೊಂದು ಕಿವಿ ಕಡೆಗೆ ಬುರುಡೆಯ ತಳದಲ್ಲೇ ದಾಟಿ. ಹಾಳೆಯಲ್ಲಿ ಬರೆದ ಅಂಕಿಗಳ ಕೆಳಗೆ ಮಗಳು ಈಗಲೂ ಹೊಸ ಅಂಕಿ ಸೇರಿಸ್ತಾ ಇದ್ದಾಳೆ, ಕೊನೇದು 24.